ಷೇರು ಸ್ಟೇಟ್‌ಮೆಂಟಿನ ಫೋಟೊ ಮತ್ತು ತೆರಿಗೆಯ ಲೆಕ್ಕ

ಷೇರು ಎಷ್ಟಕ್ಕೆ ಮಾರಿತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ದುಡ್ಡು ಬ್ಯಾಂಕ್ ಖಾತೆಗೆ ಬಂದಿರುತ್ತದೆ. ಅದನ್ನು ಯಾವತ್ತು, ಎಷ್ಟಕ್ಕೆ ಕೊಂಡದ್ದು ಎಂದು ಕೇಳಿದಾಗಲೇ ಹುಡುಕಾಟ ಶುರು. ಬ್ರೋಕರ್ ಕಂಪನಿ ಮುಚ್ಚಿರುತ್ತದೆ, ಅಥವಾ ಖಾತೆ ಬೇರೆ ಕಡೆ ವರ್ಗವಾಗಿ ಹಳೆಯ ವಿವರವೆಲ್ಲ ಅಲ್ಲೇ ಉಳಿದಿರುತ್ತದೆ. ತಂದೆ ತೀರಿಕೊಂಡು ಷೇರು ಮಕ್ಕಳ ಹೆಸರಿಗೆ ಬಂದಿದ್ದರಂತೂ ಮಕ್ಕಳು ಲೆಕ್ಕಕ್ಕೆ ಹಿಡಿಯಬೇಕಾದ್ದು ತಂದೆ ಕೊಂಡ ಬೆಲೆಯನ್ನೇ. ಷೇರನ್ನು ಎಷ್ಟು ಕಾಲ ಇಟ್ಟುಕೊಂಡಿದ್ದರು ಎಂದು ಎಣಿಸುವುದೂ ತಂದೆ ಕೊಂಡ ದಿನದಿಂದಲೇ. ಕೊನೆಗೆ ಬೀರುವಿನ ಫೈಲಿನಲ್ಲಿ ಸಿಗುವುದು ಬ್ರೋಕರ್ ಕಳಿಸಿದ್ದ ಒಂದು ಕಾಗದದ ಸ್ಟೇಟ್‌ಮೆಂಟ್, ಇಲ್ಲವೇ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಅದರ ಫೋಟೊ.

ಆ ಫೋಟೊದಲ್ಲಿರುವ ಸಾಲುಗಳನ್ನು ಎಕ್ಸೆಲ್ ಹಾಳೆಗೆ ತರಬೇಕು. ನಾಲ್ಕೈದು ಸಾಲಿದ್ದರೆ ಕೈಯಲ್ಲೇ ಟೈಪ್ ಮಾಡಿಬಿಡಿ. ಹತ್ತಾರು ಪುಟಗಳಿದ್ದರೆ ಚಿತ್ರದಿಂದ ಅಕ್ಷರ ಓದುವ ಒಸಿಆರ್ ತಂತ್ರಾಂಶ ಬೇಕಾಗುತ್ತದೆ. ಈ ತಂತ್ರಾಂಶ ಓದುವುದು ಒಂದೇ ಕ್ಷಣದಲ್ಲಿ. ಓದಿದ್ದು ಸರಿಯೇ ಎಂದು ನೋಡುವುದರಲ್ಲೇ ನಿಜವಾದ ಕೆಲಸವಿದೆ. ಸ್ಟೇಟ್‌ಮೆಂಟಿನಲ್ಲಿ ಬೆಲೆ, ಸಂಖ್ಯೆ, ಮೊತ್ತಗಳು ಒಂದನ್ನೊಂದು ಕಾಯುತ್ತವೆ. ಒಂದು ತಪ್ಪಾದರೆ ಉಳಿದವು ಹಿಡಿದುಕೊಡುತ್ತವೆ. ದಿನಾಂಕಕ್ಕೆ ಅಂಥ ಕಾವಲು ಕಡಿಮೆ. ಆದರೆ ತೆರಿಗೆಯ ದರ ನಿಂತಿರುವುದು ದಿನಾಂಕದ ಮೇಲೆಯೇ.

ಕೆಲಸಕ್ಕಿಳಿಯುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮಲ್ಲಿರುವುದು ಪಿಡಿಎಫ್ ಆಗಿದ್ದರೆ ಅದರೊಳಗಿನ ಅಂಕಿಗಳನ್ನು ಮೌಸ್‌ನಿಂದ ಆಯ್ಕೆ ಮಾಡಲು ಬರುತ್ತದೆಯೇ ನೋಡಿ. ಬಂದರೆ ಅದರಲ್ಲಿ ನಿಜವಾದ ಅಕ್ಷರಗಳೇ ಇವೆ ಎಂದರ್ಥ. ನೇರವಾಗಿ ನಕಲು ಮಾಡಿಕೊಳ್ಳಬಹುದು, ಒಸಿಆರ್ ಬೇಡವೇ ಬೇಡ. ಇಂಥ ಪಿಡಿಎಫ್ ಅನ್ನೇ ಮುದ್ರಿಸಿ, ಫೋಟೊ ತೆಗೆದು, ಮತ್ತೆ ಓದಿಸಲು ಹೆಣಗುವವರಿದ್ದಾರೆ. ಇಲ್ಲದ ತಪ್ಪುಗಳನ್ನು ತಂದುಕೊಳ್ಳುವ ದಾರಿ ಅದು.

ಕಾಗದವೇ ಗತಿ ಎಂದಾದರೆ ಸ್ಕ್ಯಾನರ್‌ನಲ್ಲಿ 300 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿ. ಫೋನ್‌ನಲ್ಲಿ ತೆಗೆಯುವುದಾದರೆ ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ನೇರ ಮೇಲಿನಿಂದ ತೆಗೆಯಿರಿ. ಓರೆಯಾದರೆ ಆಗುವ ಹಾನಿ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. 20 ಸೆಂಟಿಮೀಟರ್ ಅಗಲದ ಪಟ್ಟಿ ಬರೀ 1 ಡಿಗ್ರಿ ವಾಲಿದರೂ ಎಡತುದಿಗೂ ಬಲತುದಿಗೂ ಮೂರೂವರೆ ಮಿಲಿಮೀಟರ್ ಏರುಪೇರಾಗುತ್ತದೆ. ಸಣ್ಣ ಅಕ್ಷರದ ಸ್ಟೇಟ್‌ಮೆಂಟಿನಲ್ಲಿ ಎರಡು ಸಾಲುಗಳ ನಡುವಿನ ಅಂತರವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹೀಗಾಗಿ ಒಂದು ವಹಿವಾಟಿನ ದಿನಾಂಕ ಇನ್ನೊಂದು ವಹಿವಾಟಿನ ಮೊತ್ತಕ್ಕೆ ಅಂಟಿಕೊಳ್ಳುತ್ತದೆ. ಪ್ರತಿ ಅಂಕಿಯನ್ನೂ ಸರಿಯಾಗಿ ಓದಿಯೂ ಇಡೀ ಪಟ್ಟಿ ತಪ್ಪಾಗಬಹುದು.

ಓದಿಸಲು ಟೆಸ್ಸೆರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು. ಫೋನ್ ಆ್ಯಪ್‌ಗಳೂ ಈ ಕೆಲಸ ಮಾಡುತ್ತವೆ. ಆದರೆ ಪಟ್ಟಿಯ ಕೆಲಸಕ್ಕೆ ಬೇಕಾದ ಒಂದು ಸೌಕರ್ಯ ಟೆಸ್ಸೆರಾಕ್ಟ್‌ನಲ್ಲಿದೆ.

```
tesseract puta1.png saalu --psm 6 tsv
```

ಇಲ್ಲಿ `--psm 6` ಎಂದರೆ ಪುಟವನ್ನು ಅಕ್ಷರಗಳ ಒಂದೇ ಕಟ್ಟಾಗಿ ಭಾವಿಸಿ ಸಾಲು ಸಾಲಾಗಿ ಓದು ಎಂದು ಹೇಳಿದಂತೆ. ಹಾಗೆ ಹೇಳದಿದ್ದರೆ ಪಟ್ಟಿಯನ್ನು ಪತ್ರಿಕೆಯ ಅಂಕಣಗಳೆಂದು ಭಾವಿಸಿ ಮೊದಲು ಎಲ್ಲ ದಿನಾಂಕಗಳನ್ನೂ, ಆಮೇಲೆ ಎಲ್ಲ ಬೆಲೆಗಳನ್ನೂ ಓದಿಬಿಡುವ ಸಂಭವವಿದೆ. ಕೊನೆಯ `tsv` ಹಾಕಿದರೆ ಪ್ರತಿ ಪದದ ಜೊತೆಗೆ ಅದು ಚಿತ್ರದಲ್ಲಿ ಎಲ್ಲಿದೆ ಎಂಬ ಅಳತೆಯೂ ಸಿಗುತ್ತದೆ. ಒಂದೇ ಎತ್ತರದಲ್ಲಿರುವ ಪದಗಳೆಲ್ಲ ಒಂದು ಸಾಲು. ಅಂಕಿಗಳನ್ನು ಬಲಕ್ಕೆ ಒತ್ತಿ ಮುದ್ರಿಸುವುದರಿಂದ ಅವು ಯಾವ ಕಾಲಮ್ಮಿಗೆ ಸೇರಿದವು ಎಂದು ತಿಳಿಯಲು ಬಲ ಅಂಚನ್ನು ನೋಡಬೇಕು. ಎಡ ಅಂಚು ಅಂಕಿಯ ಉದ್ದಕ್ಕೆ ತಕ್ಕಂತೆ ಸರಿದಾಡುತ್ತಿರುತ್ತದೆ. ಕಂಪನಿಯ ಉದ್ದ ಹೆಸರು ಎರಡನೇ ಸಾಲಿಗೆ ಮಡಚಿಕೊಂಡಿದ್ದರೆ ಅಲ್ಲಿ ದಿನಾಂಕವೂ ಇರುವುದಿಲ್ಲ, ಮೊತ್ತವೂ ಇರುವುದಿಲ್ಲ. ಅಂಥದ್ದು ಹೊಸ ವಹಿವಾಟಲ್ಲ, ಹಿಂದಿನ ಸಾಲಿನ ಬಾಲ.

ಪ್ರತಿ ಪದಕ್ಕೂ ತಂತ್ರಾಂಶ ತನ್ನ ನಂಬಿಕೆಯ ಅಂಕವನ್ನು ಕೊಡುತ್ತದೆ. ಅಂಕ ಕಡಿಮೆ ಇದ್ದಲ್ಲಿ ಅನುಮಾನಪಡುವುದು ಸರಿ. ಅಂಕ ಹೆಚ್ಚಿದೆ ಎಂದು ನೆಚ್ಚಿಕೊಳ್ಳುವುದು ಮಾತ್ರ ಸರಿಯಲ್ಲ. ಮಸುಕಾದ 3 ಅನ್ನು 8 ಎಂದು ಓದಿ, 100ಕ್ಕೆ 90ಕ್ಕೂ ಹೆಚ್ಚಿನ ನಂಬಿಕೆ ತೋರಿಸುವುದು ಅಪರೂಪವೇನಲ್ಲ. ಪರೀಕ್ಷೆ ಹೊರಗಿನಿಂದಲೇ ಬರಬೇಕು.

ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಅಂಕಿಗಳು ವಿವರಣೆಗಾಗಿ ಹೆಣೆದವು. ತಪ್ಪುಗಳು ಮಾತ್ರ ನಿಜವಾದ ಸ್ಟೇಟ್‌ಮೆಂಟುಗಳಲ್ಲಿ ಆಗುವಂಥವೇ. ಒಂದೇ ಕಂಪನಿಯ ಷೇರನ್ನು ಮೂರು ಸಲ ಕೊಂಡು ಒಂದು ಸಲ ಮಾರಿದ ಪುಟವನ್ನು ಓದಿಸಿದಾಗ ಬಂದದ್ದು ಇದು. ಎಡದಿಂದ ವಹಿವಾಟಿನ ದಿನ, ಸೆಟಲ್‌ಮೆಂಟ್ ದಿನ, ಕೊಂಡದ್ದೋ ಮಾರಿದ್ದೋ, ಷೇರುಗಳ ಸಂಖ್ಯೆ, ಬ್ರೋಕರೇಜ್ ಸೇರಿದ ದರ, ಮೊತ್ತ, ಕೈಯಲ್ಲಿ ಉಳಿದ ಷೇರು.

```
05-04-2021 07-04-2021 Buy  120 818.00   38,160.00 120
18-10-2023 16-10-2023 Buy   80 561.50  144,920.00 200
09-02-2024 12-02-2024 Buy   50 638.00   31,900.00 250
16-10-2024 17-10-2024 Sell 210 742.00 1,55,820.00  40
```

ಎಕ್ಸೆಲ್‌ನಲ್ಲಿ ಈ ಏಳು ಕಾಲಮ್ಮುಗಳು A ಯಿಂದ G ವರೆಗೆ ಇವೆ, ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿವೆ, ಮೊತ್ತದ ಅಲ್ಪವಿರಾಮಗಳನ್ನು ತೆಗೆದಾಗಿದೆ ಎಂದಿಟ್ಟುಕೊಳ್ಳಿ. ಮೊದಲ ಪರೀಕ್ಷೆ ಗುಣಾಕಾರದ್ದು. ಸಂಖ್ಯೆಯನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು.

```
=ABS(D2*E2-F2)<=D2*0.005+0.01
```

ಸರಿಸಮ ಇರಬೇಕೆಂದು ಕೇಳದೆ ಸ್ವಲ್ಪ ಸಡಿಲ ಬಿಟ್ಟಿರುವುದಕ್ಕೆ ಕಾರಣವಿದೆ. ಒಂದೇ ಆರ್ಡರ್ ಹಲವು ಬೆಲೆಗಳಲ್ಲಿ ಈಡೇರಿದಾಗ ಬ್ರೋಕರ್ ಸರಾಸರಿ ದರವನ್ನು ಹತ್ತಿರದ ಪೈಸೆಗೆ ಸರಿಹೊಂದಿಸಿ ಎರಡೇ ದಶಾಂಶದಲ್ಲಿ ಮುದ್ರಿಸುತ್ತಾನೆ. ಆಗ ಷೇರೊಂದಕ್ಕೆ ಅರ್ಧ ಪೈಸೆಯವರೆಗೆ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಾದರೆ ಓದಿದ್ದರಲ್ಲೇ ಏನೋ ತಪ್ಪಿದೆ.

ಮೊದಲ ಸಾಲು ಈ ಪರೀಕ್ಷೆಯಲ್ಲಿ ಸೋಲುತ್ತದೆ. 120 ಷೇರಿಗೆ 818ರಂತೆ 98,160 ಆಗಬೇಕು, ಇರುವುದು 38,160. ವ್ಯತ್ಯಾಸ 60,000, ಅದನ್ನು 120ರಿಂದ ಭಾಗಿಸಿದರೆ ಸರಿಯಾಗಿ 500. ದರದ ನೂರರ ಸ್ಥಾನದಲ್ಲಿ 5ರಷ್ಟು ಏರುಪೇರಾಗಿದೆ ಎಂದಾಯಿತು: 3 ಹೋಗಿ 8 ಆಗಿರಬೇಕು. ಇಷ್ಟಕ್ಕೇ 318 ಎಂದು ತಿದ್ದಿಬಿಡಬಾರದು. ದರ 818 ಸರಿಯಿದ್ದು, ಮೊತ್ತದ 9 ಅನ್ನು 3 ಎಂದು ಓದಿದ್ದರೂ ಇದೇ ವ್ಯತ್ಯಾಸ ಬರುತ್ತದೆ. ಇಬ್ಬರ ಜಗಳಕ್ಕೆ ಮೂರನೆಯ ಸಾಕ್ಷಿ ಬೇಕು. ಪುಟದ ಕೆಳಗೆ ಒಟ್ಟು ಖರೀದಿ 1,14,980.00 ಎಂದು ಮುದ್ರಿಸಿದ್ದರೆ ಅದೇ ಆ ಸಾಕ್ಷಿ. ಒಟ್ಟು ಮೊತ್ತದ ಸಾಲನ್ನು ವಹಿವಾಟಲ್ಲವೆಂದು ಅನೇಕರು ಕತ್ತರಿಸಿ ಎಸೆಯುತ್ತಾರೆ. ಅದನ್ನು ಬೇರೆ ಕಡೆ ಜೋಪಾನವಾಗಿಡಬೇಕು.

ಎರಡನೆಯ ಸಾಲೂ ಸೋಲುತ್ತದೆ. 80ನ್ನು 561.50ರಿಂದ ಗುಣಿಸಿದರೆ 44,920 ಆಗುತ್ತದೆ. ಓದಿದ್ದರಲ್ಲಿ ಸರಿಯಾಗಿ ಒಂದು ಲಕ್ಷ ಹೆಚ್ಚಿದೆ. ಇಲ್ಲಿ ಅಲ್ಪವಿರಾಮವೇ ಗುಟ್ಟು ಬಿಟ್ಟುಕೊಡುತ್ತದೆ. ಕೊನೆಯ ಸಾಲಿನಲ್ಲಿ 1,55,820 ಎಂದು ನಮ್ಮ ಲಕ್ಷದ ರೀತಿಯಲ್ಲಿ ಮುದ್ರಿಸಿದ ಬ್ರೋಕರ್ ಈ ಸಾಲಿನಲ್ಲಿ 144,920 ಎಂದು ಮುದ್ರಿಸುವುದಿಲ್ಲ. ಮೊತ್ತದ ಎಡಕ್ಕಿದ್ದ ಪಟ್ಟಿಯ ಲಂಬ ಗೆರೆಯನ್ನು ತಂತ್ರಾಂಶ 1 ಎಂದು ಓದಿದೆ. ಆದ್ದರಿಂದ ಅಲ್ಪವಿರಾಮಗಳನ್ನು ತೆಗೆಯುವ ಮುನ್ನ ಅವು ಸರಿಯಾದ ಜಾಗದಲ್ಲಿವೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಎರಡೂ ಮೊತ್ತ ಖಚಿತವಾದ ಮೇಲೆ 38,160, 44,920, 31,900 ಕೂಡಿಸಿದರೆ 1,14,980 ಬರುತ್ತದೆ. ಪುಟದ ಒಟ್ಟಿಗೆ ತಾಳೆಯಾಯಿತು.

ವ್ಯತ್ಯಾಸ ಬಂದರೆಲ್ಲ ಓದಿದ್ದೇ ತಪ್ಪು ಎಂದಲ್ಲ. ಮಾರಾಟದ ಸಾಲಿನ ಮೊತ್ತ 1,55,820ರ ಬದಲು 1,55,664 ಎಂದಿತ್ತು ಅನ್ನಿ. ಕಡಿಮೆಯಾದ 156 ರೂಪಾಯಿ ಮಾರಾಟದ ಮೊತ್ತದ 0.1 ಪ್ರತಿಶತ, ಅಂದರೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ. ಕೆಲವು ಬ್ರೋಕರ್‌ಗಳು ಅದನ್ನು ಕಳೆದೇ ಮೊತ್ತ ತೋರಿಸುತ್ತಾರೆ. ಬಂಡವಾಳ ಲಾಭ ಲೆಕ್ಕ ಹಾಕುವಾಗ ಬ್ರೋಕರೇಜನ್ನು ಕಳೆಯಬಹುದು, ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಹಾಗಾಗಿ ಅದನ್ನು ಮೊತ್ತಕ್ಕೆ ಮರಳಿ ಸೇರಿಸಬೇಕು.

ಗುಣಾಕಾರದ ಪರೀಕ್ಷೆಗೆ ಒಂದು ಮಿತಿಯಿದೆ. ಇರುವ ಸಾಲು ಸರಿಯೇ ಎಂದು ಅದು ಹೇಳುತ್ತದೆ, ಬಿಟ್ಟುಹೋದ ಸಾಲಿನ ಬಗ್ಗೆ ಏನೂ ಹೇಳುವುದಿಲ್ಲ. ಪುಟದ ತಳದ ಸಾಲು ಫೋಟೊದಿಂದ ಆಚೆ ಉಳಿಯುವುದು, ಮಡಿಕೆಯ ಮೇಲೆ ಬಿದ್ದ ಸಾಲು ಮಾಯವಾಗುವುದು ಬಹಳ ಸಾಮಾನ್ಯ. ಅದಕ್ಕೆ ಉಳಿದ ಷೇರುಗಳ ಕಾಲಂ ನೆರವಾಗುತ್ತದೆ.

```
=G2+IF(C3="Buy",D3,-D3)=G3
```

ಒಂದು ಸಾಲಿನ ಶಿಲ್ಕಿಗೆ ಮುಂದಿನ ಸಾಲಿನ ಸಂಖ್ಯೆ ಕೂಡಿಸಿದರೆ ಅಥವಾ ಕಳೆದರೆ ಮುಂದಿನ ಶಿಲ್ಕು ಬರಬೇಕು. ನಮ್ಮ ಪುಟದಲ್ಲಿ 120, 200, 250, 40 ಎಂದು ಸರಪಳಿ ಕೂಡಿಕೊಂಡಿದೆ. ಸರಪಳಿ ತುಂಡಾದ ಕಡೆ ಸಾಲು ಕಾಣೆಯಾಗಿದೆ, ಇಲ್ಲವೇ ಬ್ರೋಕರ್ ಮೂಲಕ ನಡೆಯದ ಏನೋ ನಡೆದಿದೆ. ಕಂಪನಿ ಬೋನಸ್ ಷೇರು ಕೊಟ್ಟಾಗ, ಷೇರಿನ ಮುಖಬೆಲೆ ಒಡೆದಾಗ ಬ್ರೋಕರ್‌ನ ಖರೀದಿ ಪಟ್ಟಿಯಲ್ಲಿ ಸಾಲು ಬರುವುದಿಲ್ಲ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ. ಈ ಎರಡರ ಲೆಕ್ಕವೂ ಬೇರೆ ಬೇರೆ. ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ, ಅವಧಿ ಅದನ್ನು ಹಂಚಿದ ದಿನದಿಂದ ಶುರು. ಮುಖಬೆಲೆ ಒಡೆದ ಷೇರಿಗೆ ಹಳೆಯ ದಿನಾಂಕವೇ ಉಳಿದು, ಹಳೆಯ ಬೆಲೆ ಹೊಸ ಸಂಖ್ಯೆಗೆ ಹಂಚಿಹೋಗುತ್ತದೆ.

ಈಗ ಪಟ್ಟಿಯ ಎಲ್ಲ ಮೊತ್ತಗಳೂ ಸರಿಯಾದವು, ಶಿಲ್ಕೂ ಕೂಡಿತು. ಇಲ್ಲಿಗೆ ಮುಗಿಯಿತೆಂದು ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ಎರಡನೆಯ ಸಾಲಿನ ದಿನಾಂಕವನ್ನು ಇನ್ನೊಮ್ಮೆ ನೋಡಿ. ವಹಿವಾಟು 18-10-2023, ಸೆಟಲ್‌ಮೆಂಟ್ 16-10-2023. ಕೊಳ್ಳುವ ಎರಡು ದಿನ ಮೊದಲೇ ಷೇರು ಖಾತೆಗೆ ಬರಲು ಸಾಧ್ಯವಿಲ್ಲ. 2023ರ ಜನವರಿ 27ರಿಂದ ನಮ್ಮ ಮಾರುಕಟ್ಟೆಯಲ್ಲಿ ಎಲ್ಲ ಷೇರುಗಳ ಸೆಟಲ್‌ಮೆಂಟ್ ವಹಿವಾಟಿನ ಮರು ಕೆಲಸದ ದಿನವೇ ನಡೆಯುತ್ತದೆ. 2021ರ ಸಾಲಿನಲ್ಲಿ ಎರಡು ದಿನದ ಅಂತರ ಇರುವುದು ಆಗಿನ ನಿಯಮ ಹಾಗಿದ್ದರಿಂದ. 2023ರ ಅಕ್ಟೋಬರ್ 16 ಸೋಮವಾರ. ಅದರ ಹಿಂದಿನ ಕೆಲಸದ ದಿನ 13, ಶುಕ್ರವಾರ. ಇಲ್ಲೂ 3 ಹೋಗಿ 8 ಆಗಿದೆ.

ಶನಿವಾರ, ಭಾನುವಾರದ ದಿನಾಂಕಗಳನ್ನು ಹುಡುಕುವ ಪರೀಕ್ಷೆ ಇದನ್ನು ಹಿಡಿಯುತ್ತಿರಲಿಲ್ಲ. 18 ಬುಧವಾರ, ಮಾರುಕಟ್ಟೆ ತೆರೆದಿದ್ದ ದಿನ. ದಿನಾಂಕಗಳು ಏರಿಕೆಯ ಕ್ರಮದಲ್ಲಿವೆಯೇ ಎಂದು ನೋಡಿದ್ದರೂ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಸಿಕ್ಕಿಬಿದ್ದದ್ದು ಪಕ್ಕದ ಕಾಲಮ್ಮಿನಿಂದ ಮಾತ್ರ. ಸೆಟಲ್‌ಮೆಂಟ್ ದಿನ ಲೆಕ್ಕಕ್ಕೆ ಬೇಡವೆಂದು ಆ ಕಾಲಮ್ಮನ್ನು ಮೊದಲೇ ಅಳಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಎಕ್ಸೆಲ್ ತಾನೇ ತರುವ ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಕಂಪ್ಯೂಟರ್ ಅಮೆರಿಕದ ರೀತಿಗೆ ಹೊಂದಿಸಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ಏಪ್ರಿಲ್ 5 ಮೇ 4 ಆಗುತ್ತದೆ, ಫೆಬ್ರುವರಿ 9 ಸೆಪ್ಟೆಂಬರ್ 2 ಆಗುತ್ತದೆ. 13ನೇ, 16ನೇ ತಿಂಗಳು ಇಲ್ಲದ್ದರಿಂದ 13-10-2023 ಮತ್ತು 16-10-2024 ಮಾತ್ರ ಬದಲಾಗದೆ ಬರೀ ಅಕ್ಷರಗಳಾಗಿ ಉಳಿಯುತ್ತವೆ. 2021ರ ಮೇ 4 ಮಂಗಳವಾರ, 2024ರ ಸೆಪ್ಟೆಂಬರ್ 2 ಸೋಮವಾರ. ಎರಡೂ ವಾರದ ಕೆಲಸದ ದಿನಗಳೇ, ಕ್ರಮವೂ ಕೆಡಲಿಲ್ಲ. ಕಾಲಮ್ಮಿನಲ್ಲಿ ಕೆಲವು ದಿನಾಂಕ ಬಲಕ್ಕೂ ಕೆಲವು ಎಡಕ್ಕೂ ಅಂಟಿಕೊಂಡಿದ್ದರೆ ಈ ಅನಾಹುತ ಆಗಿದೆ ಎಂದು ತಿಳಿಯಿರಿ. ಆಮೇಲೆ ತಿದ್ದುವುದು ಕಷ್ಟ. ಮೊದಲೇ A ಮತ್ತು B ಕಾಲಮ್ಮುಗಳನ್ನು ಟೆಕ್ಸ್ಟ್ ಎಂದು ಗೊತ್ತುಮಾಡಿ, ಪಕ್ಕದಲ್ಲಿ ನಾವೇ ದಿನಾಂಕ ಕಟ್ಟಿಕೊಳ್ಳಬೇಕು.

```
=DATE(RIGHT(A2,4),MID(A2,4,2),LEFT(A2,2))
```

B ಕಾಲಮ್ಮಿಗೂ ಹೀಗೇ ಮಾಡಿ, ಸೆಟಲ್‌ಮೆಂಟ್ ದಿನದಿಂದ ವಹಿವಾಟಿನ ದಿನವನ್ನು ಕಳೆಯಿರಿ. 1, 2, ನಡುವೆ ಶನಿವಾರ, ಭಾನುವಾರ ಬಂದರೆ 3 ಅಥವಾ 4, ಹಬ್ಬದ ರಜೆ ಕೂಡಿದರೆ ಇನ್ನೊಂದೆರಡು ಹೆಚ್ಚು ಬರಬೇಕು. ಸೊನ್ನೆ, ಋಣ ಸಂಖ್ಯೆ ಅಥವಾ ಹತ್ತು ದಾಟಿದ ಸಂಖ್ಯೆ ಕಂಡರೆ ಮೂಲ ಚಿತ್ರವನ್ನು ದೊಡ್ಡದು ಮಾಡಿ ಕಣ್ಣಾರೆ ನೋಡಿ.

ಇಷ್ಟಾದ ಮೇಲೆ ಲಾಭದ ಲೆಕ್ಕ ಸುಲಭ. ಡಿಮ್ಯಾಟ್ ಖಾತೆಯ ಷೇರು ಮಾರಿದಾಗ ಮೊದಲು ಬಂದದ್ದೇ ಮೊದಲು ಹೋಯಿತು ಎಂದು ಎಣಿಸಬೇಕೆಂಬ ನಿಯಮವಿದೆ. ಯಾವ ಕಂತಿನ ಷೇರು ಮಾರಿದೆ ಎಂದು ನಾವು ಆರಿಸುವಂತಿಲ್ಲ. ಮಾರಿದ 210ರಲ್ಲಿ 120 ಷೇರು 2021ರ ಕಂತಿನವು, 80 ಷೇರು 2023ರವು, ಉಳಿದ 10 ಷೇರು 2024ರ ಫೆಬ್ರುವರಿಯವು. ಮೊದಲ ಕಂತಿನಲ್ಲಿ ಷೇರಿಗೆ 424ರಂತೆ 50,880 ಲಾಭ. ಎರಡನೆಯದರಲ್ಲಿ 180.50ರಂತೆ 14,440. ಮೂರನೆಯದರಲ್ಲಿ 104ರಂತೆ 1,040. ಮೂರೂ ಸೇರಿ 66,360. ಇದನ್ನೂ ಇನ್ನೊಂದು ದಾರಿಯಿಂದ ತಾಳೆ ನೋಡಬಹುದು: ಮಾರಿದ 1,55,820ರಿಂದ 38,160, 44,920 ಮತ್ತು ಹತ್ತು ಷೇರಿನ 6,380 ಕಳೆದರೆ ಅದೇ 66,360 ಉಳಿಯುತ್ತದೆ.

ಷೇರುಪೇಟೆಯಲ್ಲಿ ನೋಂದಾಯಿತ ಷೇರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ದೀರ್ಘಾವಧಿ ಲಾಭ. ಎಣಿಕೆ ವಹಿವಾಟಿನ ದಿನದಿಂದ, ಸೆಟಲ್‌ಮೆಂಟ್ ದಿನದಿಂದಲ್ಲ. 13-10-2023ರಂದು ಕೊಂಡ 80 ಷೇರು 16-10-2024ರಂದು ಮಾರುವಾಗ ವರ್ಷ ದಾಟಿ ಮೂರು ದಿನವಾಗಿತ್ತು. ಹಾಗಾಗಿ ಮೊದಲೆರಡು ಕಂತುಗಳ 65,320 ದೀರ್ಘಾವಧಿಯದು, 1,040 ಮಾತ್ರ ಅಲ್ಪಾವಧಿಯದು. 2024–25ರ ಆರ್ಥಿಕ ವರ್ಷದಲ್ಲಿ ದೀರ್ಘಾವಧಿ ಲಾಭಕ್ಕೆ 1,25,000 ರೂಪಾಯಿವರೆಗೆ ತೆರಿಗೆಯಿಲ್ಲ. ಬೇರೆ ಯಾವ ಷೇರನ್ನೂ ಮಾರಿಲ್ಲದಿದ್ದರೆ ಇಡೀ 65,320 ಅದರೊಳಗೇ ಅಡಗುತ್ತದೆ. ಅಲ್ಪಾವಧಿ ಲಾಭಕ್ಕೆ ದರ 20 ಪ್ರತಿಶತ. ಸೆಸ್ ಬಿಟ್ಟರೆ ತೆರಿಗೆ 208 ರೂಪಾಯಿ.

ಆ ದಿನಾಂಕ 18 ಎಂದೇ ಉಳಿದಿದ್ದರೆ? ವರ್ಷ ತುಂಬಲು ಎರಡು ದಿನ ಕಡಿಮೆಯಾಗಿ 14,440ರೂ ಅಲ್ಪಾವಧಿಗೆ ಬೀಳುತ್ತಿತ್ತು. 15,480ಕ್ಕೆ 20 ಪ್ರತಿಶತದಂತೆ 3,096 ರೂಪಾಯಿ ಕಟ್ಟಬೇಕಾಗುತ್ತಿತ್ತು. ಒಟ್ಟು ಲಾಭ ಎರಡೂ ಲೆಕ್ಕದಲ್ಲಿ ಅದೇ 66,360. ಆದ್ದರಿಂದಲೇ ಲಾಭದ ಮೊತ್ತವನ್ನು ಮಾತ್ರ ತಾಳೆ ನೋಡುವವರಿಗೆ ಈ ತಪ್ಪು ಗೊತ್ತಾಗುವುದಿಲ್ಲ. ತಪ್ಪು ಇನ್ನೊಂದು ದಿಕ್ಕಿಗೆ ವಾಲಿ ತೆರಿಗೆ ಕಡಿಮೆ ತೋರಿಸಿದರೆ ಮುಂದೆ ಬಡ್ಡಿಯೂ ಸೇರಿಕೊಳ್ಳುತ್ತದೆ.

ಆ ವರ್ಷದ ಮಾರಾಟಗಳಿಗೆ ಇನ್ನೂ ಒಂದು ಗಡಿಯಿದೆ. 2024ರ ಜುಲೈ 23ಕ್ಕೆ ಮೊದಲು ಮಾರಿದ್ದರೆ ದರಗಳು 15 ಮತ್ತು 10 ಪ್ರತಿಶತ, ಅಂದಿನಿಂದ ಮುಂದಕ್ಕೆ 20 ಮತ್ತು 12.5. ಹಾಗಾಗಿ ಜುಲೈ ತಿಂಗಳ ಮಾರಾಟದ ಸಾಲುಗಳನ್ನು ಕೈಯಲ್ಲೇ ಮತ್ತೊಮ್ಮೆ ನೋಡಬೇಕು. 2018ರ ಫೆಬ್ರುವರಿ 1ಕ್ಕಿಂತ ಮುಂಚೆ ಕೊಂಡ ಷೇರಾದರೆ 2018ರ ಜನವರಿ 31ರ ಗರಿಷ್ಠ ಬೆಲೆ ಲೆಕ್ಕಕ್ಕೆ ಬರುತ್ತದೆ: ಆ ಬೆಲೆ ಮತ್ತು ಮಾರಿದ ಬೆಲೆಗಳಲ್ಲಿ ಕಡಿಮೆ ಇರುವುದನ್ನು ತೆಗೆದುಕೊಂಡು, ಅದನ್ನು ನಿಜವಾಗಿ ಕೊಂಡ ಬೆಲೆಯ ಪಕ್ಕ ಇಟ್ಟು, ಎರಡರಲ್ಲಿ ಹೆಚ್ಚಿನದನ್ನು ಕೊಂಡ ಬೆಲೆ ಎಂದು ಹಿಡಿಯಬೇಕು. ಇದು ಯಾವ ಸ್ಟೇಟ್‌ಮೆಂಟಿನ ಫೋಟೊದಲ್ಲೂ ಇರುವುದಿಲ್ಲ; ಷೇರುಪೇಟೆಯ ಹಳೆಯ ದರಪಟ್ಟಿಯಿಂದ ತರಬೇಕು. ಒಂದೇ ದಿನ ಕೊಂಡು ಅಂದೇ ಮಾರಿದ ಸಾಲುಗಳು ಪಟ್ಟಿಯಲ್ಲಿದ್ದರೆ ಅವನ್ನು ಮೊದಲೇ ಬೇರ್ಪಡಿಸಿ. ಅವು ಬಂಡವಾಳ ಲಾಭಕ್ಕೆ ಸೇರುವುದಿಲ್ಲ, ಸಟ್ಟಾ ವ್ಯವಹಾರದ ಆದಾಯವಾಗುತ್ತವೆ.

ರಿಟರ್ನ್ ಸಲ್ಲಿಸುವ ಮುನ್ನ ಆದಾಯ ತೆರಿಗೆ ಜಾಲತಾಣದ ಎಐಎಸ್ ಪಟ್ಟಿ ತೆರೆದು, ಮಾರಿದ ಷೇರುಗಳ ಸಂಖ್ಯೆ ನಿಮ್ಮ ಹಾಳೆಗೆ ಹೊಂದುತ್ತದೆಯೇ ನೋಡಿ. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ರಿಟರ್ನ್ ಹೋದಾಗ ಆ ಮಾಹಿತಿಯೂ ಇಲಾಖೆಯ ಕೈಯಲ್ಲಿರುತ್ತದೆ. ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕ ಅದು ಯಾವ ಚಿತ್ರದ ಎಷ್ಟನೇ ಸಾಲು ಎಂದು ಬರೆದಿಡಿ, ಕೈಯಿಂದ ತಿದ್ದಿದ ಅಂಕಿಗೆ ಬಣ್ಣ ಹಾಕಿ, ಮೂಲ ಫೋಟೊವನ್ನು ಅಳಿಸದೆ ಉಳಿಸಿ. ಕೈಯಲ್ಲಿ ಇನ್ನೂ ಇರುವ 40 ಷೇರುಗಳನ್ನು 09-02-2024, 638.00 ಎಂಬ ವಿವರದೊಡನೆ ಹೊಸ ಹಾಳೆಯ ಮೊದಲ ಸಾಲಾಗಿ ಬರೆದುಕೊಳ್ಳಿ. ಮುಂದಿನ ಮಾರಾಟದ ಲೆಕ್ಕ ಶುರುವಾಗುವುದು ಅಲ್ಲಿಂದ.